ಸಾಂದ್ರತೆ x ಜೊತೆಗಷ್ಟೇ ಬದಲಾಗುತ್ತೆ, ಹಾಗಾದರೆ ȳ ಯಾಕೆ ಜಾರಿತು?

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿ. ಒಂದು ತ್ರಿಕೋನ ತಗಡು, ಮೂಲೆಗಳು (0,0), (3,0), (0,2). ಸಾಂದ್ರತೆ ρ = 1 + x. ದ್ರವ್ಯರಾಶಿ ಕೇಂದ್ರ ಕಂಡುಹಿಡಿಯಬೇಕು. ನನಗೆ ∬xρ dA = 7.5, ∬yρ dA = 3.5 ಬಂತು. ವಿಸ್ತೀರ್ಣ 3, ಅದರಿಂದ ಭಾಗಿಸಿದರೆ (2.5, 1.17). ಪುಸ್ತಕದ ಉತ್ತರ (1.25, 0.58). ಎಲ್ಲಿ ತಪ್ಪಿದೆ? ಇನ್ನೊಂದು ಅನುಮಾನ: ಸಾಂದ್ರತೆಯಲ್ಲಿ y ಇಲ್ಲವೇ ಇಲ್ಲ. ಹಾಗಾದರೆ ȳ ಸಾಮಾನ್ಯ ತ್ರಿಕೋನದಲ್ಲಿ ಬರೋ ಹಾಗೆ 2/3 ಇರಬೇಕಲ್ವಾ? ಇದಕ್ಕೆ ಡಬಲ್ ಇಂಟಿಗ್ರಲ್ ಬೇಕೇ ಬೇಕಾ?

ಉತ್ತರ:

ನಿಮ್ಮ ಎರಡು ಇಂಟಿಗ್ರಲ್‌ಗಳೂ ಸರಿಯಾಗಿವೆ. ಕಷ್ಟದ ಕೆಲಸ ಮುಗಿಸಿ, ಕೊನೆಯ ಭಾಗಾಕಾರದಲ್ಲಿ ಎಡವಿದ್ದೀರಿ. ಭಾಗಿಸಬೇಕಾದದ್ದು ವಿಸ್ತೀರ್ಣದಿಂದ ಅಲ್ಲ, ಒಟ್ಟು ದ್ರವ್ಯರಾಶಿಯಿಂದ.

ಟೊಮೆಟೊ ಲೆಕ್ಕ ಹಾಕಿ ನೋಡೋಣ. ಒಂದು ಚೀಲದಲ್ಲಿ 10 ಕೆಜಿ, ಕೆಜಿಗೆ 20 ರೂಪಾಯಿ. ಇನ್ನೊಂದು ಚೀಲದಲ್ಲಿ 2 ಕೆಜಿ, ಕೆಜಿಗೆ 50 ರೂಪಾಯಿ. ಕೊಟ್ಟ ಹಣ 300 ರೂಪಾಯಿ. ಸರಾಸರಿ ದರ ಬೇಕಾದರೆ 12 ಕೆಜಿಯಿಂದ ಭಾಗಿಸುತ್ತೀರಿ, 25 ರೂಪಾಯಿ ಬರುತ್ತದೆ. ಚೀಲ ಎರಡಿವೆ ಅಂತ 2ರಿಂದ ಭಾಗಿಸಿದರೆ 150 ಬರುತ್ತದೆ. ಎರಡೂ ಚೀಲದ ದರಕ್ಕಿಂತ ಸರಾಸರಿಯೇ ಜಾಸ್ತಿ! ಮೇಲೆ ಗುಣಿಸುವಾಗ ಯಾವ ತೂಕ ಹಾಕಿದ್ದೀರೋ, ಕೆಳಗೆ ಅದೇ ತೂಕದ ಮೊತ್ತ ಇರಬೇಕು. ನಿಮ್ಮ ಲೆಕ್ಕದಲ್ಲಿ ಮೇಲೆ xρ dA ಇದೆ, ಅಂದರೆ x ಅನ್ನು ρ dA ಎಂಬ ತೂಕದಿಂದ ಗುಣಿಸಿದ್ದೀರಿ. ಹಾಗಾಗಿ ಕೆಳಗೆ ∬ρ dA ಬರಬೇಕು. ಅದೇ ದ್ರವ್ಯರಾಶಿ. ρ = 1 ಆಗಿದ್ದಾಗ ಮಾತ್ರ ಅದು ವಿಸ್ತೀರ್ಣಕ್ಕೆ ಸಮ. ಮೊದಲು ಒಂದೇ ಸಾಂದ್ರತೆಯ ತಗಡುಗಳನ್ನು ಹತ್ತಾರು ಸಲ ಮಾಡಿಸುತ್ತಾರೆ, ಅಲ್ಲಿ ವಿಸ್ತೀರ್ಣದಿಂದ ಭಾಗಿಸುವುದು ಕೈಗೆ ಕೂತುಬಿಡುತ್ತದೆ. ಈ ತಪ್ಪು ಬರುವುದು ಬಹುತೇಕ ಅಲ್ಲಿಂದಲೇ.

ಪುಸ್ತಕದ ಹಿಂದಿನ ಪುಟ ತಿರುಗಿಸದೆಯೇ ಈ ತಪ್ಪನ್ನು ಹಿಡಿಯಬಹುದಿತ್ತು. ತಗಡಿನ ಓರೆ ಅಂಚಿನ ಸಮೀಕರಣ x/3 + y/2 = 1. ತಗಡಿನೊಳಗಿನ ಯಾವ ಬಿಂದುವಿಗೂ ಎಡಗಡೆಯ ಮೊತ್ತ 1ಕ್ಕಿಂತ ಕಡಿಮೆ ಇರಬೇಕು. ನಿಮ್ಮ (2.5, 1.17) ಹಾಕಿ ನೋಡಿ: 0.83 + 0.58, ಅಂದರೆ 1.4ರ ಮೇಲೆ ಹೋಯಿತು. ಬಿಂದು ತಗಡಿನ ಹೊರಗೆ ಗಾಳಿಯಲ್ಲಿದೆ. ತ್ರಿಕೋನದಂಥ, ಒಳಕ್ಕೆ ಬಾಗಿದ ಅಂಚಿಲ್ಲದ ಆಕಾರದಲ್ಲಿ ಇದು ಸಾಧ್ಯವೇ ಇಲ್ಲ, ಸಾಂದ್ರತೆ ಹೇಗೆ ಬೇಕಾದರೂ ಬದಲಾಗಲಿ. ಬಳೆ ಅಥವಾ L ಆಕಾರದ ತಗಡಿಗೆ ಈ ಮಾತು ನಡೆಯುವುದಿಲ್ಲ. ಬಳೆಯ ದ್ರವ್ಯರಾಶಿ ಕೇಂದ್ರ ಇರುವುದೇ ಖಾಲಿ ಜಾಗದಲ್ಲಿ ತಾನೇ.

ಈಗ ದ್ರವ್ಯರಾಶಿ ಲೆಕ್ಕ ಹಾಕೋಣ. ತಗಡನ್ನು ನಿಂತ ಪಟ್ಟಿಗಳಾಗಿ ಕತ್ತರಿಸಿದಂತೆ ಊಹಿಸಿಕೊಳ್ಳಿ. x ಎಂಬಲ್ಲಿ ಪಟ್ಟಿಯ ಎತ್ತರ

h(x) = 2 − 2x/3

x = 0 ಇರುವಲ್ಲಿ ಪಟ್ಟಿ 2 ಎತ್ತರ, x = 3 ತಲುಪುವಾಗ ಸೊನ್ನೆ. ಒಳಗಿನ ಇಂಟಿಗ್ರಲ್ ಮಾಡುವ ಕೆಲಸ ಇಷ್ಟೇ: x ಅನ್ನು ಒಂದು ಕಡೆ ಹಿಡಿದು ನಿಲ್ಲಿಸಿ, y ಅನ್ನು 0ಯಿಂದ h ತನಕ ಓಡಿಸಿ, ಆ ಒಂದು ಪಟ್ಟಿಯನ್ನು ತೂಗುವುದು. ಹೊರಗಿನ ಇಂಟಿಗ್ರಲ್ ಎಲ್ಲ ಪಟ್ಟಿಗಳನ್ನೂ ಎಡದಿಂದ ಬಲಕ್ಕೆ ಕೂಡಿಸುತ್ತದೆ.

m = ∫₀³ ∫₀ʰ (1 + x) dy dx = ∫₀³ (1 + x)(2 − 2x/3) dx

ಬಿಡಿಸಿದರೆ ಒಳಗೆ 2 + 4x/3 − 2x²/3 ಸಿಗುತ್ತದೆ. 0ಯಿಂದ 3ರ ತನಕ ಮಾಡಿದರೆ 6 + 6 − 6 = 6. ಆದ್ದರಿಂದ

x̄ = 7.5 / 6 = 1.25
ȳ = 3.5 / 6 ≈ 0.583

ಪುಸ್ತಕದ ಉತ್ತರವೇ ಬಂತು. ನಿಮ್ಮ ಎರಡೂ ಸಂಖ್ಯೆಗಳು ಸರಿಯಾಗಿ ದುಪ್ಪಟ್ಟು ಇದ್ದವು. ವಿಸ್ತೀರ್ಣ 3, ದ್ರವ್ಯರಾಶಿ 6, ಅದಕ್ಕೇ ಹಾಗೆ.

ಇಲ್ಲೇ ಇನ್ನೊಂದು ತಪ್ಪಿನ ಗುರುತೂ ಹೇಳಿಬಿಡುತ್ತೇನೆ, ನೀವು ಮಾಡಿಲ್ಲ, ಆದರೂ. ಕೆಲವರು x 0ಯಿಂದ 3, y 0ಯಿಂದ 2 ಅಂತ ಸುಮ್ನೆ ಮಿತಿ ಹಾಕಿಬಿಡುತ್ತಾರೆ. ಅದು ತ್ರಿಕೋನ ಅಲ್ಲ, ಇಡೀ ಆಯತ. ಆಗ ದ್ರವ್ಯರಾಶಿ 15, ಕೇಂದ್ರ (1.8, 1) ಬರುತ್ತದೆ. ಓರೆ ಅಂಚಿನ ಪರೀಕ್ಷೆಗೆ ಹಾಕಿದರೆ 0.6 + 0.5 = 1.1. ಇದೂ ಹೊರಗೆ. ಒಂದೇ ಪರೀಕ್ಷೆ ಎರಡು ಬೇರೆ ಬೇರೆ ತಪ್ಪುಗಳನ್ನು ಹಿಡಿಯಿತು ನೋಡಿ.

ನಿಮ್ಮ ಎರಡನೇ ಅನುಮಾನ ನನಗೆ ಜಾಸ್ತಿ ಇಷ್ಟವಾಯಿತು. ಒಂದೇ ಸಾಂದ್ರತೆ ಇದ್ದಿದ್ದರೆ ಕೇಂದ್ರ (1, 2/3) ಆಗಿರುತ್ತಿತ್ತು, ಮೂರು ಮೂಲೆಗಳ ಸರಾಸರಿ. ಈಗ ಬಲಗಡೆ ಭಾರ ಜಾಸ್ತಿ, x̄ 1ರಿಂದ 1.25ಕ್ಕೆ ಸರಿದದ್ದು ಸಹಜ. ಆದರೆ ಸೂತ್ರದಲ್ಲಿ y ಇಲ್ಲದಿದ್ದರೂ ȳ 0.667ರಿಂದ 0.583ಕ್ಕೆ ಇಳಿದದ್ದು ಯಾಕೆ?

ಪಟ್ಟಿಗಳನ್ನೇ ಮತ್ತೆ ನೋಡಿ. ಒಂದು ನಿಂತ ಪಟ್ಟಿಯೊಳಗೆ ಸಾಂದ್ರತೆ ಮೇಲಿಂದ ಕೆಳಗಿನ ತನಕ ಒಂದೇ. ಹಾಗಾಗಿ ಆ ಪಟ್ಟಿಯ ಕೇಂದ್ರ ಅದರ ನಡುಮಧ್ಯದಲ್ಲೇ ಇದೆ. ಇಷ್ಟರ ಮಟ್ಟಿಗೆ ನಿಮ್ಮ ಅನಿಸಿಕೆ ಸರಿ. ಆದರೆ ಎಲ್ಲ ಪಟ್ಟಿಗಳ ನಡುಮಧ್ಯ ಒಂದೇ ಎತ್ತರದಲ್ಲಿಲ್ಲ. x = 0 ಹತ್ತಿರದ ಪಟ್ಟಿಯ ಎತ್ತರ 2, ನಡುಮಧ್ಯ 1ರಲ್ಲಿ. x = 2 ಇರುವ ಪಟ್ಟಿಯ ಎತ್ತರ 2/3 ಮಾತ್ರ, ಅದರ ನಡುಮಧ್ಯ 1/3ರಲ್ಲಿ, ನೆಲದ ಹತ್ತಿರ. ಈಗ ಸಾಂದ್ರತೆ ಏನು ಮಾಡುತ್ತದೆ? ಎಡಗಡೆಯ ಎತ್ತರದ ಪಟ್ಟಿಯನ್ನು ಹಾಗೇ ಬಿಡುತ್ತದೆ, ಬಲಗಡೆಯ ಗಿಡ್ಡ ಪಟ್ಟಿಯನ್ನು ಮೂರು ಪಟ್ಟು ಭಾರ ಮಾಡುತ್ತದೆ. ಸರಾಸರಿಯಲ್ಲಿ ಗಿಡ್ಡರ ಮಾತಿಗೆ ಬೆಲೆ ಜಾಸ್ತಿಯಾಯಿತು. ȳ ಕೆಳಗಿಳಿಯದೆ ಇನ್ನೇನು ಮಾಡೀತು? y ಸೂತ್ರದಲ್ಲಿ ಇಲ್ಲದಿರಬಹುದು, ಆದರೆ ಓರೆ ಅಂಚು x ಮತ್ತು y ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿದೆ. ಅದು ಒಳಗೆ ಬರುವುದು h(x) ಎಂಬ ಮಿತಿಯ ಮೂಲಕ.

ನಿಮ್ಮ ಅನಿಸಿಕೆ ಪೂರ್ತಿ ನಿಜವಾಗುವ ಜಾಗವೂ ಇದೆ: ಆಯತ. ಅಲ್ಲಿ ಎಲ್ಲ ಪಟ್ಟಿಗಳದ್ದೂ ಒಂದೇ ಎತ್ತರ, ಎಲ್ಲದರ ನಡುಮಧ್ಯವೂ ಒಂದೇ ಮಟ್ಟದಲ್ಲಿ. ಯಾವ ಪಟ್ಟಿಗೆ ಎಷ್ಟು ತೂಕ ಕೊಟ್ಟರೂ ಸರಾಸರಿ ಅಲ್ಲಾಡುವುದಿಲ್ಲ. ಮೇಲಿನ ಆಯತದ ತಪ್ಪು ಲೆಕ್ಕದಲ್ಲಿ ȳ ಸರಿಯಾಗಿ 1 ಬಂದದ್ದು ಇದರಿಂದಲೇ, 2ರ ಅರ್ಧ. ತ್ರಿಕೋನ ಕೊಟ್ಟಿರುವಾಗ ಒಂದು ಅಕ್ಷದಲ್ಲಿ ಹೀಗೆ ಅರ್ಧಕ್ಕರ್ಧ ಉತ್ತರ ಕಂಡರೆ, ಮಿತಿಗಳನ್ನು ಇನ್ನೊಮ್ಮೆ ನೋಡಿ.

ಇದನ್ನೇ ಇನ್ನೊಂದು ರೀತಿಯಲ್ಲಿ ನೋಡಬಹುದು. ಇಂಟಿಗ್ರಲ್ ಮೇಲೆ ನಂಬಿಕೆ ಬರಲು ನಾನು ತರಗತಿಯಲ್ಲಿ ಇದನ್ನೇ ಬಳಸುತ್ತೇನೆ. ρ = 1 + x ಅಂದರೆ ಎರಡು ತಗಡು ಒಂದರ ಮೇಲೊಂದು ಇಟ್ಟ ಹಾಗೆ. ಒಂದರ ಸಾಂದ್ರತೆ ಎಲ್ಲ ಕಡೆ 1, ಇನ್ನೊಂದರದ್ದು x. ಮೊದಲನೆಯದರ ದ್ರವ್ಯರಾಶಿ 3, ಕೇಂದ್ರ (1, 2/3). ಎರಡನೆಯದರ ದ್ರವ್ಯರಾಶಿ ∬x dA, ಅದೂ 3. ಅದರ ಕೇಂದ್ರಕ್ಕೆ ∬x² dA = 4.5, ∬xy dA = 1.5. ಎರಡನ್ನೂ 3ರಿಂದ ಭಾಗಿಸಿದರೆ (1.5, 0.5). ಎರಡು ತಗಡೂ ಸಮ ಭಾರ, ಹಾಗಾಗಿ ಒಟ್ಟು ಕೇಂದ್ರ ಈ ಎರಡು ಬಿಂದುಗಳ ಸರಿಯಾದ ನಡುವೆ: (1.25, 0.583). ಲೆಕ್ಕ ತಾಳೆಯಾಯಿತು.

ಇದರಿಂದ ಇನ್ನೊಂದು ವಿಷಯವೂ ಹೊರಬೀಳುತ್ತದೆ. ರೂಪ 1 + cx ಅಂತ ಇದ್ದು, c ಸೊನ್ನೆಯಿಂದ ಎಷ್ಟು ದೊಡ್ಡದಾದರೂ, ಕೇಂದ್ರ (1, 0.667) ಮತ್ತು (1.5, 0.5) ನಡುವಿನ ಗೆರೆಯ ಮೇಲೇ ಓಡಾಡುತ್ತದೆ. x̄ 1.5 ದಾಟಿತು ಅಂದರೆ ಎಲ್ಲೋ ಕೂಡುವುದರಲ್ಲಿ ತಪ್ಪಿದ್ದೀರಿ.

ಅಳತೆಯ ಘಟಕ ಬದಲಿಸುವಾಗ ಈ c ಕೈಕೊಡುತ್ತದೆ. ಸಾಂದ್ರತೆಯನ್ನು ಪೂರ್ತಿಯಾಗಿ ಏಳರಿಂದ ಗುಣಿಸಿದರೆ ಏನೂ ಆಗುವುದಿಲ್ಲ, ಮೇಲೆ ಕೆಳಗೆ ಎರಡೂ ಕಡೆ ಏಳು ಹೊಡೆದುಹೋಗುತ್ತದೆ. ಆದರೆ 1 ಮತ್ತು x ನಡುವಿನ ಪ್ರಮಾಣ ಕೆಟ್ಟರೆ ಕೇಂದ್ರ ಜಾರುತ್ತದೆ. ನಿಮ್ಮ ಲೆಕ್ಕದ x ಡೆಸಿಮೀಟರ್‌ನಲ್ಲಿದೆ ಅಂದುಕೊಳ್ಳಿ, ತಗಡು 30 ಸೆಂ.ಮೀ. ಉದ್ದ, 20 ಸೆಂ.ಮೀ. ಎತ್ತರ. ಸೆಂಟಿಮೀಟರಿಗೆ ಬದಲಿಸುವಾಗ ಸಾಂದ್ರತೆ 1 + x/10 ಆಗಬೇಕು. ಮರೆತು 1 + x ಅಂತಲೇ ಬಿಟ್ಟರೆ x̄ 12.5 ಸೆಂ.ಮೀ. ಬದಲು 14.5 ಸೆಂ.ಮೀ. ಬರುತ್ತದೆ. ಈ ಬಿಂದು ತಗಡಿನೊಳಗೇ ಇರುತ್ತದೆ, ಹಾಗಾಗಿ ಓರೆ ಅಂಚಿನ ಪರೀಕ್ಷೆಗೆ ಇದು ಸಿಕ್ಕಿಬೀಳುವುದಿಲ್ಲ. ನೀವೇ ಎಚ್ಚರ ಇರಬೇಕು.

ಇನ್ನು, ಡಬಲ್ ಇಂಟಿಗ್ರಲ್ ಬೇಕೇ ಬೇಕಾ ಅಂತ ಕೇಳಿದಿರಿ. ಪ್ರಾಮಾಣಿಕವಾಗಿ ಹೇಳಬೇಕಂದರೆ ಈ ಲೆಕ್ಕಕ್ಕೆ ಬೇಡ. ನಿಂತ ಪಟ್ಟಿಯ ಕೇಂದ್ರ ನಡುಮಧ್ಯದಲ್ಲಿದೆ ಅಂತ ಗೊತ್ತಾದ ಮೇಲೆ, ಪಟ್ಟಿಯ ತೂಕ (1 + x)h, ನಡುಮಧ್ಯದ ಎತ್ತರ h/2, ಎರಡನ್ನೂ ಗುಣಿಸಿ x ಉದ್ದಕ್ಕೂ ಒಂದೇ ಇಂಟಿಗ್ರಲ್ ಮಾಡಿದರೆ 3.5 ಬಂದುಬಿಡುತ್ತದೆ. ಡಬಲ್ ಇಂಟಿಗ್ರಲ್‌ನಲ್ಲಿ ಒಳಗಿನ ∫₀ʰ y dy = h²/2 ಹೇಳುವುದೂ ಅದನ್ನೇ. ಪರೀಕ್ಷೆಗೆ ಕೊಡುವ ಅರ್ಧಕ್ಕರ್ಧ ಲೆಕ್ಕಗಳು ಇಂಥವೇ ಅನ್ನುವುದು ನನ್ನ ಸಣ್ಣ ದೂರು.

ಆದರೆ ಸಾಂದ್ರತೆ 1 + xy ಅಂತ ಇದ್ದರೆ ಈ ದಾರಿ ಮುಚ್ಚಿತು. ಒಂದು ಪಟ್ಟಿಯೊಳಗೇ ಮೇಲೆ ಹೋದಷ್ಟೂ ಭಾರ ಜಾಸ್ತಿ, ಪಟ್ಟಿಯ ಕೇಂದ್ರ ನಡುಮಧ್ಯದಲ್ಲಿಲ್ಲ, ಎಲ್ಲೋ ಮೇಲಕ್ಕೆ ಸರಿದಿದೆ. ಎಲ್ಲಿಗೆ ಅಂತ ತಿಳಿಯಲು ಪಟ್ಟಿಯೊಳಗೇ ಮೊದಲು ಒಂದು ಇಂಟಿಗ್ರಲ್ ಮಾಡಬೇಕು. ಆಮೇಲೆ ಪಟ್ಟಿಗಳನ್ನು ಕೂಡಿಸಲು ಇನ್ನೊಂದು. ಡಬಲ್ ಇಂಟಿಗ್ರಲ್ ನಿಜವಾಗಿ ಬೇಕಾಗುವುದು ಅಲ್ಲಿ. ನಿಮ್ಮ ಲೆಕ್ಕದಲ್ಲೇ ಪಟ್ಟಿಗಳನ್ನು ಮಲಗಿಸಿ ನೋಡಿದರೂ ಇದು ಗೊತ್ತಾಗುತ್ತದೆ. ಮಲಗಿದ ಪಟ್ಟಿಯಲ್ಲಿ x ಬದಲಾಗುತ್ತದೆ, ಸಾಂದ್ರತೆಯೂ ಬದಲಾಗುತ್ತದೆ. ಉತ್ತರ ಅದೇ 6, 7.5, 3.5, ಆದರೆ ಕೆಲಸ ಸ್ವಲ್ಪ ಜಾಸ್ತಿ. ಸಾಂದ್ರತೆ ಯಾವ ದಿಕ್ಕಿನಲ್ಲಿ ಬದಲಾಗುವುದಿಲ್ಲವೋ ಆ ದಿಕ್ಕಿನಲ್ಲೇ ಪಟ್ಟಿ ಕತ್ತರಿಸಿ, ಕೈ ನೋವು ಕಡಿಮೆ.

ಮುಂದಿನ ವಾರ ನೀವು ಅರ್ಧ ವೃತ್ತದ ತಗಡಿಗೆ ಬರುತ್ತೀರಿ, ಸಾಂದ್ರತೆ ವೃತ್ತದ ಕೇಂದ್ರದಿಂದ ಇರುವ ದೂರದಷ್ಟು, ρ = r. ಅಲ್ಲಿ ಒಂದು ಮೋಸದ ಗುಂಡಿ ಇದೆ, ಈಗಲೇ ಹೇಳಿಬಿಡುತ್ತೇನೆ. ಧ್ರುವೀಯ ನಿರ್ದೇಶಾಂಕಗಳಲ್ಲಿ dA ಅಂದರೆ dr dθ ಅಲ್ಲ, r dr dθ. ಒಂದು ಹೋಳಿಗೆಯನ್ನು ನಡುವಿನಿಂದ ಎಂಟು ಹೋಳು ಮಾಡಿ. ಪ್ರತಿ ಹೋಳಿನ ಕೋನ ಒಂದೇ, ಆದರೆ ತುದಿಯ ಹತ್ತಿರ ಅದು ಒಂದು ತುತ್ತೂ ಇಲ್ಲ, ಅಂಚಿನ ಹತ್ತಿರ ಅಗಲ. ಅಗಲ r dθ, ಅದಕ್ಕೇ ಆ r.

ತ್ರಿಜ್ಯ a ಇರಲಿ, ನೇರ ಅಂಚು x ಅಕ್ಷದ ಮೇಲೆ. ಸರಿಯಾದ ಲೆಕ್ಕ ಹೀಗೆ:

m = ∫₀^π ∫₀^a r · r dr dθ = πa³/3
∬yρ dA = ∫₀^π ∫₀^a (r sin θ) · r · r dr dθ = a⁴/2
ȳ = 3a/(2π) ≈ 0.477a

ಇದರಲ್ಲಿ ಒಂದು r ಸಾಂದ್ರತೆಯದ್ದು, ಒಂದು dAಯದ್ದು. ಎರಡೂ ಒಂದೇ ಅಕ್ಷರ, ಹಾಗಾಗಿ ಒಂದನ್ನು ಬರೆದವರಿಗೆ ಎರಡೂ ಬರೆದಾಯಿತು ಅನಿಸಿಬಿಡುತ್ತದೆ. ಒಂದೇ r ಉಳಿದರೆ ಏನಾಗುತ್ತದೆ ಗೊತ್ತಾ? m = πa²/2, ಮೇಲಿನದ್ದು 2a³/3, ಭಾಗಿಸಿದರೆ 4a/(3π) ≈ 0.424a. ಇದು ಒಂದೇ ಸಾಂದ್ರತೆಯ ಅರ್ಧ ವೃತ್ತದ ಉತ್ತರ, ಪುಸ್ತಕದ ಪಟ್ಟಿಯಲ್ಲೇ ಇರುತ್ತದೆ! ಪಟ್ಟಿ ನೋಡಿ "ಸರಿ ಬಂತು" ಅಂದುಕೊಂಡವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅಂಚಿನ ಕಡೆ ಭಾರ ಜಾಸ್ತಿ ಇರುವ ತಗಡಿನ ಕೇಂದ್ರ ಸಾಮಾನ್ಯ ತಗಡಿನದಕ್ಕಿಂತ ಅಂಚಿನ ಕಡೆಗೆ ಸರಿದಿರಲೇಬೇಕು. ಸರಿಯದಿದ್ದರೆ r ಒಂದು ಎಲ್ಲೋ ಬಿದ್ದುಹೋಗಿದೆ.

ಮತ್ತೆ ನಿಮ್ಮ ತ್ರಿಕೋನಕ್ಕೆ ಬರೋಣ. ȳ ಇಳಿದದ್ದನ್ನು ಕಣ್ಣಾರೆ ನೋಡಬೇಕಾದರೆ ಒಂದು ರಟ್ಟಿನ ಡಬ್ಬಿ, ಕತ್ತರಿ, ದಾರ ಸಾಕು. ಎಲ್ಲ ತುಂಡುಗಳನ್ನೂ ಒಂದೇ ರಟ್ಟಿನಿಂದ ಕತ್ತರಿಸಿ. ಮೊದಲು 30 ಸೆಂ.ಮೀ. ಮತ್ತು 20 ಸೆಂ.ಮೀ. ಬದಿಗಳ ಲಂಬಕೋನ ತ್ರಿಕೋನ. ಆಮೇಲೆ ಅದೇ ಓರೆಯ ಇನ್ನೂ ಮೂರು: 25 ಮತ್ತು 16.7, 15 ಮತ್ತು 10, 5 ಮತ್ತು 3.3. ಈ ಮೂರನ್ನೂ ದೊಡ್ಡದರ ಬಲಗಡೆಯ ಚೂಪು ಮೂಲೆಗೆ ಸರಿಹೊಂದಿಸಿ ಒಂದರ ಮೇಲೊಂದು ಅಂಟಿಸಿ. ಎಡದಿಂದ 5 ಸೆಂ.ಮೀ. ತನಕ ಒಂದು ಪದರ, 15ರ ತನಕ ಎರಡು, 25ರ ತನಕ ಮೂರು, ಕೊನೆಯಲ್ಲಿ ನಾಲ್ಕು. ಇದು 1 + x ಎಂಬ ಇಳಿಜಾರಿಗೆ ಬದಲಾಗಿ ಮೆಟ್ಟಿಲು ಕಟ್ಟಿದ ಹಾಗೆ. ಗೋಂದು ಚುಕ್ಕೆ ಚುಕ್ಕೆಯಾಗಿ ಹಾಕಿ. ನಾನು ಮೊದಲ ಸಲ ಧಾರಾಳವಾಗಿ ಬಳಿದು, ಗೋಂದಿನ ತೂಕವನ್ನೂ ಸೇರಿಸಿ ತೂಗಿದ್ದೆ, ಉತ್ತರ ಎಲ್ಲೋ ಹೋಗಿತ್ತು.

ಲಂಬಕೋನದ ಮೂಲೆಯ ಹತ್ತಿರ ಗುಂಡುಸೂಜಿ ಚುಚ್ಚಿ ತೂಗುಹಾಕಿ. ಅದೇ ಸೂಜಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ಬೀಗದಕೈ. ದಾರ ಅಲ್ಲಾಡುವುದು ನಿಂತ ಮೇಲೆ ಹಿಂದಿನ ಸಪಾಟು ಮುಖದ ಮೇಲೆ ಅದರ ಗೆರೆ ಎಳೆಯಿರಿ. ಮೇಲಿನ ಮೂಲೆಯಿಂದಲೂ ಹಾಗೇ ಮಾಡಿ. ಎರಡು ಗೆರೆ ಕೂಡಿದ ಜಾಗವೇ ಕೇಂದ್ರ. ತೂತು ದೊಡ್ಡದಿರಲಿ, ರಟ್ಟು ಸೂಜಿಗೆ ಹಿಡಿದುಕೊಂಡರೆ ಗೆರೆ ಸುಳ್ಳು ಹೇಳುತ್ತದೆ. ಹಿಂದಿನ ಮುಖದಲ್ಲಿ ಎಡ-ಬಲ ತಿರುಗುತ್ತದೆ, ಗಾಬರಿ ಬೇಡ. ಎರಡು ನೇರ ಬದಿಗಳಿಂದಲೇ ದೂರ ಅಳೆಯಿರಿ.

ಈ ಮೆಟ್ಟಿಲು ತಗಡಿಗೆ ನಾನು ಲೆಕ್ಕ ಹಾಕಿದ್ದೇನೆ: ನಿಂತ ಬದಿಯಿಂದ 12.7 ಸೆಂ.ಮೀ., ಕೆಳಗಿನ ಬದಿಯಿಂದ 5.8 ಸೆಂ.ಮೀ. ನಯವಾದ 1 + x ಕೊಡುವ 12.5 ಮತ್ತು 5.8ಕ್ಕೆ ಇದು ಎಷ್ಟು ಹತ್ತಿರ ನೋಡಿ. ಅಂಟಿಸುವ ಮೊದಲು ಬರೀ ದೊಡ್ಡ ತ್ರಿಕೋನವನ್ನೂ ಒಮ್ಮೆ ತೂಗುಹಾಕಿ ಗೆರೆ ಎಳೆದಿಟ್ಟುಕೊಳ್ಳಿ. ಆ ಬಿಂದು 10 ಮತ್ತು 6.7ರಲ್ಲಿರುತ್ತದೆ. ಎರಡು ಬಿಂದುಗಳ ನಡುವೆ ಅಡ್ಡಕ್ಕೆ ಸುಮಾರು ಎರಡೂಮುಕ್ಕಾಲು, ಕೆಳಕ್ಕೆ ಸುಮಾರು ಒಂದು ಸೆಂಟಿಮೀಟರ್. ಆ ಒಂದು ಸೆಂಟಿಮೀಟರೇ ನೀವು ಕೇಳಿದ್ದು.